ವಾಲಿದ ಗೆರೆ

ಲೋಹಗಳನ್ನು ಎಳೆದು, ಬಗ್ಗಿಸಿ, ಮುರಿದು ನೋಡುವ ಆ ಲ್ಯಾಬಿನಲ್ಲಿ ಆಕೆಯನ್ನು ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು 'ಥೂ ಮೇಡಂ' ಅಂತ. ಆಕೆಗೂ ಅದು ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ಥೂ ಅನ್ನುವಂಥದ್ದು ಕಣ್ಣಿಗೆ ಬಿದ್ದರೆ ಥೂ ಅನ್ನದೆ ಇನ್ನೇನು ಅನ್ನಬೇಕು?

ಬೆಳಿಗ್ಗೆ ಬಂದ ತಕ್ಷಣ ಆಕೆ ಮಾಡುತ್ತಿದ್ದ ಮೊದಲ ಕೆಲಸ ಒರೆಸುವುದು. ಮೌಸಿನ ಮೇಲೆ ಯಾರದೋ ಕೈಯ ಜಿಡ್ಡು. ಕಿಟಕಿಯ ಹತ್ತಿರ ಚಹಾ ಲೋಟ, ಅದರೊಳಗೆ ತೇಲುವ ಸೊಳ್ಳೆ. ಯಂತ್ರದ ದವಡೆಗಳ ಸಂದಿಯಲ್ಲಿ ನಿನ್ನೆ ಮುರಿದ ತುಂಡುಗಳ ಪುಡಿ, ಅದಕ್ಕೆ ಅಂಟಿದ ಗ್ರೀಸು, ಗ್ರೀಸಿಗೆ ಅಂಟಿದ ಕೂದಲು. "ಇದು ಮನುಷ್ಯರ ಲ್ಯಾಬೋ, ಕ್ಷೌರದಂಗಡಿಯೋ?" ಅಂತ ಬೈಯುತ್ತಾ ಬ್ರಷ್ ಹಿಡಿದು ಕೂರುತ್ತಿದ್ದಳು. ದವಡೆಯಲ್ಲಿ ಕಸವಿದ್ದರೆ ತುಂಡು ಜಾರುತ್ತದೆ, ತುಂಡು ಜಾರಿದರೆ ಪರದೆಯ ಮೇಲಿನ ಗೆರೆ ಸುಳ್ಳು ಹೇಳುತ್ತದೆ. ಬೇರೆಯವರಿಗೆ ಮಡಿ ಹುಚ್ಚು ಅನ್ನಿಸಿದ್ದು ಆಕೆಗೆ ಕಸುಬಿನ ಮಾತು.

ಮದುವೆಯಾಗಿರಲಿಲ್ಲ. ಪ್ರಾಯದಲ್ಲಿದ್ದಾಗ ನೋಡಲು ಬಂದ ಒಬ್ಬ ಗಂಡು ಒಳ್ಳೆಯವನೇ, ಕೆಲಸವೂ ಒಳ್ಳೆಯದೇ. ಆದರೆ ಅವನು ಮಾತಾಡುತ್ತಾ ಕಿವಿಯೊಳಗೆ ಕಾರಿನ ಕೀಲಿ ತಿರುವಿ, ತೆಗೆದು, ಅದರ ತುದಿಯನ್ನೊಮ್ಮೆ ನೋಡಿ ಜೇಬಿಗಿಟ್ಟುಕೊಂಡ. ಅಲ್ಲಿಗೆ ಮಾತು ಮುಗಿಯಿತು. "ಕೀಲಿ ನೋಡಿ ಗಂಡನ್ನ ಬಿಟ್ಟವಳು ನೀನೊಬ್ಬಳೇ ಕಣೆ," ಅಂತ ಅಮ್ಮ ಇವತ್ತಿಗೂ ಅನ್ನುತ್ತಾಳೆ. ಅಮ್ಮನೂ ಆಕೆಯೂ ಅಕ್ಕನ ಮನೆಯ ಮಹಡಿಯ ಮೇಲಿದ್ದರು. ಕೆಳಗೆ ಅಕ್ಕ, ಭಾವ.

ಈ ಭಾವನದು ಅಲ್ಯೂಮಿನಿಯಂ ಏಣಿ ಮಾಡುವ ಕಾರ್ಖಾನೆ. ಹೊರಗೆ ದೊಡ್ಡ ಮನುಷ್ಯ, ನಗುಮುಖ, ಎಲ್ಲರ ಹೆಗಲ ಮೇಲೂ ಕೈ. ಮನೆಯೊಳಗೆ ಸೋಫಾದ ಮೇಲೆ ಕೂತು ಕಾಲುಗುರು ಕತ್ತರಿಸುವವನು, ಸಿಡಿದ ಉಗುರು ಎಲ್ಲಿ ಬಿತ್ತೆಂದು ಹುಡುಕದವನು. ಊಟವಾದ ಮೇಲೆ ತನ್ನದೇ ವಿಸಿಟಿಂಗ್ ಕಾರ್ಡಿನ ಮೂಲೆಯಿಂದ ಹಲ್ಲು ಕೆದಕಿ, ಅದನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಾಳೆ ಆ ಕಾರ್ಡು ಯಾರ ಕೈ ಸೇರುತ್ತದೋ ಎಂದು ಆಕೆ ಲೆಕ್ಕ ಹಾಕುತ್ತಿದ್ದಳು.

ಅಗ್ನಿಶಾಮಕ ದಳಕ್ಕೆ ರಕ್ಷಣಾ ಏಣಿಗಳನ್ನು ಮಾಡಿಕೊಡುವ ಕೆಲಸ ಭಾವನ ಕೈ ಸೇರಿತು. ಏಣಿಯ ಎರಡು ಉದ್ದನೆಯ ಕಂಬಿಗಳ ಲೋಹ ಎಷ್ಟು ಗಟ್ಟಿಯಿರಬೇಕೆಂದು ದಳದವರು ಮೊದಲೇ ಹೇಳಿದ್ದರು. ಅದನ್ನು ಪರೀಕ್ಷಿಸಲು ಸ್ಯಾಂಪಲ್ ತುಂಡುಗಳು ಬಂದದ್ದು ಇದೇ ಲ್ಯಾಬಿಗೆ.

"ಸರ್, ಇದು ನಮ್ಮ ಭಾವನ ಮಾಲು. ನಾನು ಮುಟ್ಟಲ್ಲ, ಬೇರೆ ಯಾರಾದ್ರೂ ಮಾಡ್ಲಿ," ಅಂದಳು ಆಕೆ, ಲ್ಯಾಬಿನ ಮುಖ್ಯಸ್ಥರಿಗೆ.

ಮುಖ್ಯಸ್ಥರು ಮೆದು ಮಾತಿನ ಮನುಷ್ಯ. ಮೂಗಿನ ಮೇಲೆ ಯಾವಾಗಲೂ ಬೆವರು, ಅದನ್ನು ಒರೆಸಲು ಯಾವಾಗಲೂ ಅದೇ ಕರವಸ್ತ್ರ. "ಬೇರೆ ಯಾರಿದಾರಮ್ಮಾ? ಇದ್ದೊಬ್ಬರು ಬಾಣಂತನದ ರಜೆ ಮೇಲೆ ಹೋದ್ರು. ಯಂತ್ರಕ್ಕೇನು ಗೊತ್ತು ಭಾವ ಯಾರು, ಬಾಮೈದ ಯಾರು ಅಂತ? ಎಳೀರಿ, ಬರ್‍ಲಿ," ಅಂದರು.

ಎಳೆದಳು.

ಈ ಕೆಲಸ ನೋಡದವರಿಗೆ ಒಂದು ಮಾತು. ಲೋಹದ ಪಟ್ಟಿಯನ್ನು ಎರಡು ದವಡೆಗಳ ನಡುವೆ ಕಚ್ಚಿಸಿ ಯಂತ್ರ ನಿಧಾನವಾಗಿ ಎಳೆಯುತ್ತದೆ. ಪಟ್ಟಿಯ ನಡುವಿಗೆ ಸಿಕ್ಕಿಸಿದ ಪುಟ್ಟ ಅಳತೆಗೋಲು ಅದು ಎಷ್ಟು ಹಿಗ್ಗಿತೆಂದು ಹೇಳುತ್ತದೆ. ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ: ಅಡ್ಡಕ್ಕೆ ಹಿಗ್ಗಿದ ಪ್ರಮಾಣ, ಉದ್ದಕ್ಕೆ ಪಟ್ಟಿಯ ಪ್ರತಿ ಚದರ ಮಿಲಿಮೀಟರಿಗೆ ಬಿದ್ದ ಬಲ. ಮೊದಮೊದಲು ಗೆರೆ ನೇರವಾಗಿ, ಕಡಿದಾಗಿ ಏರುತ್ತದೆ. ಅಷ್ಟರಲ್ಲಿ ಎಳೆತ ಬಿಟ್ಟರೆ ಲೋಹ ಮೊದಲಿನ ಉದ್ದಕ್ಕೆ ವಾಪಸು ಬರುತ್ತದೆ. ಆಮೇಲೆ ಗೆರೆ ಬಾಗುತ್ತದೆ. ಅಲ್ಲಿಂದ ಮುಂದೆ ಬಿಟ್ಟರೂ ಪೂರ್ತಿ ವಾಪಸು ಬರುವುದಿಲ್ಲ, ಒಂದಿಷ್ಟು ಹಿಗ್ಗು ಉಳಿದೇಬಿಡುತ್ತದೆ. ಅದೇ ಯೀಲ್ಡ್. ಇನ್ನೂ ಎಳೆದರೆ ಗೆರೆ ನಿಧಾನವಾಗಿ ಏರುತ್ತಾ ಒಂದು ನೆತ್ತಿ ಮುಟ್ಟುತ್ತದೆ. ಆ ನೆತ್ತಿಯೇ ಲೋಹದ ಗರಿಷ್ಠ ಬಲ. ನೆತ್ತಿ ದಾಟಿದರೆ ಪಟ್ಟಿಯಲ್ಲೊಂದು ಕಡೆ ಕತ್ತು ಸಣ್ಣದಾಗಿ, ಗೆರೆ ಇಳಿದು, ಫಟ್ಟೆಂದು ತುಂಡಾಗುತ್ತದೆ.

ನೆತ್ತಿಯನ್ನು ಕುರುಡನೂ ಓದಬಹುದು. ತಕರಾರಿರುವುದು ಯೀಲ್ಡಿನಲ್ಲಿ. ಮೆದು ಉಕ್ಕಾದರೆ ಅಲ್ಲಿ ಗೆರೆ ಮೊಣಕೈಯಂತೆ ತಿರುಗಿ ತಾನೇ ಜಾಗ ತೋರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಮೂಲೆಯೇ ಇಲ್ಲದೆ ನುಣ್ಣಗೆ ಬಾಗಿಬಿಡುತ್ತದೆ. ಅದಕ್ಕೇ ಒಂದು ಒಪ್ಪಂದ: ಅಡ್ಡ ಗೆರೆಯ ಮೇಲೆ ಸೊನ್ನೆಯಿಂದ ಶೇಕಡಾ ಸೊನ್ನೆ ಪಾಯಿಂಟ್ ಎರಡು ಸರಿದು, ಆರಂಭದ ಆ ನೇರ ಭಾಗಕ್ಕೆ ಸಮಾನಾಂತರವಾಗಿ ಇನ್ನೊಂದು ಗೆರೆ ಎಳೆಯಬೇಕು. ಅದು ಬಾಗಿದ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅದೇ ಯೀಲ್ಡ್ ಎಂದು ಲೆಕ್ಕ.

ದಳದವರು ಕೇಳಿದ್ದು ಯೀಲ್ಡು ಕನಿಷ್ಠ ನೂರ ಅರವತ್ತು ನ್ಯೂಟನ್, ನೆತ್ತಿ ಕನಿಷ್ಠ ಇನ್ನೂರ ಹದಿನೈದು. ಭಾವನ ತುಂಡಿನ ನೆತ್ತಿ ಇನ್ನೂರ ಇಪ್ಪತ್ತೊಂದು ಬಂತು, ಪಾಸು. ಯೀಲ್ಡು ನೂರ ಮೂವತ್ತೆಂಟು. ದವಡೆ ಒರೆಸಿ ಇನ್ನೊಂದು ತುಂಡು ಹಾಕಿದಳು, ಮತ್ತೊಂದು ಹಾಕಿದಳು. ಎಲ್ಲವೂ ಅದರ ಆಸುಪಾಸೇ. ಫೇಲು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಆಕೆಗಿಂತ ಮೊದಲೇ ಮನೆ ಸೇರಿತ್ತು. ಭಾವ ಮಹಡಿ ಹತ್ತಿ ಬಂದ. ಹಾಸಿಗೆಯ ಮೇಲೆ, ಅಮ್ಮ ಮಡಿಸಿಟ್ಟ ಬಟ್ಟೆಗಳ ಪಕ್ಕದಲ್ಲೇ, ಬೀದಿಯ ಧೂಳಿನ ಪ್ಯಾಂಟಿನಲ್ಲಿ ಕೂತ.

"ಏನಮ್ಮಾ, ಮನೆಯವರಿಗೇ ಮೂಗುದಾರ ಹಾಕ್ತೀಯಾ?"

"ನಾನು ಹಾಕಿಲ್ಲ ಭಾವ. ಅದು ಬಂದಿರೋದೇ ಅಷ್ಟು."

"ಮುರಿಯೋದು ಇನ್ನೂರ ಇಪ್ಪತ್ತೊಂದಕ್ಕೆ ತಾನೆ? ಕೇಳಿದ್ದಕ್ಕಿಂತ ಜಾಸ್ತಿ. ಮುರಿಯದ ಏಣಿಗೆ ಏನ್ ರೋಗ?"

"ಮುರಿಯೋಕ್ಕಿಂತ ಮೊದ್ಲು ಬಗ್ಗುತ್ತೆ. ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತೆ. ಬಗ್ಗಿದ ಏಣಿಯಿಂದ ಜನ ಇಳೀಬೇಕು, ಬೆಂಕಿ ಬಿದ್ದ ಮನೆಯಿಂದ."

"ಬಗ್ಗಿದ್ರೆ ಬಗ್ಗಲಿ ಬಿಡಮ್ಮಾ, ಬಗ್ಗಿದವನು ಬಾಳ್ತಾನೆ," ಅಂತ ಭಾವ ನಕ್ಕ. ನಗುವಾಗ ಹಲ್ಲಿನ ಸಂದಿಯಲ್ಲಿ ಏನೋ ಹಸಿರು ಕಂಡಿತು. ಆಕೆ ಮುಖ ತಿರುಗಿಸಿದಳು. ಅವನು ಎದ್ದು ಹೋದ ಮೇಲೆ ಹಾಸಿಗೆಯ ಚಾದರ ಕಿತ್ತು ನೆನೆಹಾಕಿದಳು. ಅಮ್ಮ ಬಟ್ಟೆಗಳನ್ನು ಇನ್ನೊಮ್ಮೆ ಕೊಡವಿ ಮಡಿಸಿದಳು.

ಮರುದಿನ ಮುಖ್ಯಸ್ಥರ ಕೋಣೆಗೆ ಬೇರೇನೋ ಕೇಳಲು ಹೋದಾಗ ಮೇಜಿನ ಮೇಲೆ ಆ ಏಣಿಯ ವರದಿ ಇತ್ತು. ಯೀಲ್ಡು ನೂರ ಅರವತ್ತೊಂದು. ಪಾಸು.

"ಇದ್ಯಾವ ತುಂಡು ಸರ್?"

"ನಿಮ್ಮದೇ ಮೊದಲನೇ ತುಂಡು. ಗೆರೆ ಸ್ವಲ್ಪ ಸರಿಪಡಿಸ್ದೆ ಅಷ್ಟೇ. ನಿಮ್ಮ ಹೆಸರು ಹಾಕಿಲ್ಲ, ನನ್ನ ಸಹಿ ಇದೆ. ನಿಮಗ್ಯಾಕೆ ತಲೆಬಿಸಿ?"

ಆಕೆ ಕಾಗದ ಎತ್ತಿ ನೋಡಿದಳು. ಪಟ್ಟಿ ಮುರಿಯುವವರೆಗಿನ ಇಡೀ ಗೆರೆಯನ್ನು ಅಂಗೈಯಗಲದ ಚಿತ್ರದಲ್ಲಿ ತುರುಕಲಾಗಿತ್ತು. ಅಷ್ಟು ಚಿಕ್ಕದಾಗಿಸಿದರೆ ಆರಂಭದ ನೇರ ಭಾಗವೂ ಪಕ್ಕದ ಗೆರೆಯೂ ಎಡಗಡೆಯ ಅಂಚಿಗೆ ಅಂಟಿ ನಿಂತ ಎರಡು ಕೂದಲಿನ ಹಾಗೆ. ಎರಡೂ ಒಂದೇ ದಿಕ್ಕಿಗಿವೆಯೋ ಇಲ್ಲವೋ ಎಂದು ಯಾರಿಗೂ ಕಾಣುವುದಿಲ್ಲ. ಆದರೆ ಆಕೆಗೆ ಗೊತ್ತಾಯಿತು. ನೇರ ಭಾಗ ಎಷ್ಟು ಕಡಿದಾಗಿ ಏರುತ್ತದೆಂದು ಅಳೆಯಲು ಕಂಪ್ಯೂಟರಿಗೆ ಎರಡು ಚುಕ್ಕೆ ತೋರಿಸಬೇಕು, ಎರಡೂ ನೇರ ಭಾಗದ ಒಳಗೇ ಇರಬೇಕು. ಮುಖ್ಯಸ್ಥರು ಮೇಲಿನ ಚುಕ್ಕೆಯನ್ನು ಮೌಸಿನಿಂದ ಎಳೆದು ಬಾಗಿದ ಭಾಗದ ಆಚೆ ಇಟ್ಟಿದ್ದರು. ಅಷ್ಟಕ್ಕೇ ಪಕ್ಕದ ಗೆರೆ ಕುಡಿದವನ ಹಾಗೆ ವಾಲಿತ್ತು. ವಾಲಿದ ಗೆರೆ ದೂರ ಹೋಗಿ ಮುಟ್ಟುತ್ತದೆ, ದೂರ ಹೋದಷ್ಟೂ ಸಂಖ್ಯೆ ಮೇಲಕ್ಕೆ.

"ಸರ್, ಇದು ಸರಿಪಡಿಸಿದ್ದಲ್ಲ. ಹೊಲಸು."

"ಗೆರೆ ಎಳೆಯೋದು ಒಂದು ಕಲೆ ಅಮ್ಮಾ. ಒಬ್ಬೊಬ್ಬರ ಕಣ್ಣು ಒಂದೊಂದು ಥರ."

"ಕಣ್ಣು ಬೇರೆ ಇರಬಹುದು. ಅಲ್ಯೂಮಿನಿಯಂ ಒಂದೇ ತಾನೆ? ಆ ನೇರ ಭಾಗ ಎಷ್ಟು ಕಡಿದಾಗಿರ್ಬೇಕು ಅಂತ ಕಾಲೇಜಲ್ಲಿ ನೀವೇ ಕಲ್ತಿದೀರಿ. ಇಲ್ಲಿ ಅದರ ಆರರಲ್ಲೊಂದು ಪಾಲೂ ಇಲ್ಲ. ಇದು ಅಲ್ಯೂಮಿನಿಯಂ ಅಲ್ಲ ಸರ್, ಮೇಣ."

ಮುಖ್ಯಸ್ಥರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಆ ಕೈಯಲ್ಲೇ ವರದಿಯನ್ನು ವಾಪಸು ತೆಗೆದುಕೊಂಡರು. ಕಾಗದದ ಅಂಚಿನಲ್ಲಿ ಬೆರಳಿನ ಒದ್ದೆ ಗುರುತು ಮೂಡಿತು. "ನಿಮ್ಮ ಭಾವನವರೇ ಅಲ್ವೇನಮ್ಮಾ? ನಾನು ನಿಮಗೋಸ್ಕರ ಅಂತ ಮಾಡಿದ್ದು," ಅಂದರು.

ಆಕೆಗೆ ಅತ್ಯಂತ ಅಸಹ್ಯವೆನಿಸಿದ್ದು ಅದೇ ಮಾತು. ತನ್ನ ಕೊಳೆಯನ್ನು ಉಡುಗೊರೆಯ ಹಾಗೆ ಕೈಗಿಡುತ್ತಾನಲ್ಲ ಈ ಮನುಷ್ಯ! ಹೊರಗೆ ಬಂದು ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡಳು. ಅಸಹ್ಯ ಹೋಗಲಿಲ್ಲ.

ಮಾಲು ಒಪ್ಪಿಕೊಳ್ಳುವ ಮುಂಚೆ ಲ್ಯಾಬಿಗೆ ಒಮ್ಮೆ ಬರುವುದು ಅಗ್ನಿಶಾಮಕ ದಳದ ಅಧಿಕಾರಿಯ ರೂಢಿ. ಆಕೆಯೂ ಹೆಂಗಸೇ. ಎತ್ತರದ ಆಳು, ಕುತ್ತಿಗೆಯ ಒಂದು ಪಕ್ಕ ಸುಟ್ಟು ಸುಕ್ಕಾದ ಚರ್ಮ. ಮುಖ್ಯಸ್ಥರು ಚಹಾ, ಬಿಸ್ಕತ್ತು ತರಿಸಿದರು. ಭಾವ ಅಲ್ಲೇ ಇದ್ದ. ಎದ್ದು ನಿಂತು ಜೇಬಿನಿಂದ ತನ್ನ ಕಾರ್ಡು ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಅಧಿಕಾರಿ ಅದನ್ನು ನೋಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಬಾಗಿಲ ಬಳಿ ನಿಂತಿದ್ದ ಥೂ ಮೇಡಂ ಆ ಜೇಬನ್ನೇ ನೋಡಿದಳು.

"ಯಂತ್ರದಲ್ಲಿ ಎಳೆದವರು ಯಾರು?" ಅಂತ ಅಧಿಕಾರಿ ಕೇಳಿದರು.

"ಇವರೇ, ಬಹಳ ಅನುಭವಸ್ಥರು," ಎಂದು ಮುಖ್ಯಸ್ಥರು ಆಕೆಯನ್ನು ಮುಂದೆ ಮಾಡಿದರು. ಎಲ್ಲರೂ ನಗಲಿ ಅಂತ ಅವರೇ ಒಂದು ನಗು ನಕ್ಕರು.

ಅಧಿಕಾರಿ ನಗಲಿಲ್ಲ. "ನೋಡೀಮ್ಮಾ, ಈ ಗೆರೆಗಿರೆ ನನಗೆ ಪೂರ್ತಿ ಅರ್ಥ ಆಗಲ್ಲ. ನಮ್ಮವರು ಹೆಗಲ ಮೇಲೆ ಮನುಷ್ಯರನ್ನ ಹೊತ್ತು ಈ ಏಣಿ ಇಳೀತಾರೆ. ತಡೆಯುತ್ತಾ?"

ಒಂದು ಕ್ಷಣ ಆಕೆಗೆ ಕೆಳಮನೆಯ ಅಕ್ಕನ ಮುಖ ನೆನಪಾಯಿತು. ಒಂದೇ ಕ್ಷಣ.

"ಇಲ್ಲ ಮೇಡಂ. ಬನ್ನಿ, ತೋರಿಸ್ತೀನಿ."

"ಅಯ್ಯೋ, ಮನೆ ಜಗಳ ಇದು, ನೀವು ಕೂತ್ಕೊಳಿ," ಅಂತ ಭಾವ ಅಡ್ಡ ಬಂದ. ಅಧಿಕಾರಿ ಆಗಲೇ ಎದ್ದಾಗಿತ್ತು.

ಯಂತ್ರದ ಮುಂದೆ ಕೂತು ಆಕೆ ಅದೇ ತುಂಡಿನ ಗೆರೆಯನ್ನು ಪರದೆಗೆ ತಂದಳು. ಎಡಗಡೆಯ ಆ ಚಿಕ್ಕ ಭಾಗವನ್ನು ಮಾತ್ರ ಹಿಡಿದು ದೊಡ್ಡದು ಮಾಡಿದಳು. ಈಗ ಪರದೆಯ ತುಂಬ ಕಂಡಿತು: ಒಂದು ಕಡೆ ಗೋಡೆಯಂತೆ ಕಡಿದಾಗಿ ಏರಿದ ಲೋಹದ ನಿಜವಾದ ಗೆರೆ, ಪಕ್ಕದಲ್ಲಿ ಜಾರುಬಂಡೆಯಂತೆ ಮಲಗಿದ ಮುಖ್ಯಸ್ಥರ ಗೆರೆ.

"ಇವೆರಡೂ ಒಂದರ ಪಕ್ಕ ಒಂದು ರೈಲು ಕಂಬಿ ಥರ ಹೋಗಬೇಕು. ಹೋಗ್ತಿದಾವಾ?"

"ಇಲ್ಲ," ಅಂದರು ಅಧಿಕಾರಿ.

ಆಕೆ ಮೇಲಿನ ಚುಕ್ಕೆಯನ್ನು ಹಿಡಿದು, ಬಾಗಿದ ಭಾಗದಿಂದ ಕೆಳಗೆ ತಂದು, ನೇರ ಭಾಗದೊಳಗೆ ಬಿಟ್ಟಳು. ಮಲಗಿದ್ದ ಗೆರೆ ಎದ್ದು ನಿಂತಿತು. ಸಂಖ್ಯೆ ನೂರ ಮೂವತ್ತೆಂಟಕ್ಕೆ ಇಳಿಯಿತು.

ಮುಖ್ಯಸ್ಥರು, "ವ್ಯಾಖ್ಯಾನದಲ್ಲಿ ವ್ಯತ್ಯಾಸ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಭಾವ ಮಾತ್ರ ಬಿಡಲಿಲ್ಲ. "ಕಾಗದದ ಮೇಲೆ ಏನ್ ಬೇಕಾದ್ರೂ ಹೇಳಬಹುದು. ಏಣೀನೇ ತರ್ತೀನಿ, ಭಾರ ಹಾಕಿ ನೋಡ್ಬಿಡಿ!"

"ತನ್ನಿ," ಅಂದರು ಅಧಿಕಾರಿ.

ದಳದ ಅಂಗಳದಲ್ಲಿ ಏಣಿಯನ್ನು ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಅಡ್ಡ ಮಲಗಿಸಿದರು. ಕಂಬಿಯ ಆ ತುದಿಯಿಂದ ಈ ತುದಿಗೆ ಬಿಗಿಯಾಗಿ ದಾರ ಕಟ್ಟಿದರು. ದಾರವೂ ಕಂಬಿಯೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುಮಧ್ಯಕ್ಕೆ ಮರಳಿನ ಚೀಲಗಳನ್ನು ನೇತುಹಾಕಿದರು. ಏಣಿ ಬಿಲ್ಲಿನಂತೆ ಬಾಗಿತು, ಮುರಿಯಲಿಲ್ಲ. ಭಾವ ಎದೆಯುಬ್ಬಿಸಿ ಸುತ್ತ ನೋಡಿದ. ಅಂಗಳದ ಮೂಲೆಗೆ ಹೋಗಿ ಕ್ಯಾಕರಿಸಿ ಉಗುಳಿ ಬಂದ.

"ಮುರೀತಾ? ಹೇಳಿ, ಮುರೀತಾ?"

"ಚೀಲ ಇಳಿಸಿ," ಅಂದಳು ಥೂ ಮೇಡಂ.

ಇಳಿಸಿದರು. ಏಣಿ ಮೇಲೆದ್ದಿತು, ಆದರೆ ಪೂರ್ತಿ ಏಳಲಿಲ್ಲ. ನಡುಮಧ್ಯದಲ್ಲಿ ದಾರಕ್ಕೂ ಕಂಬಿಗೂ ನಡುವೆ ಹೆಬ್ಬೆರಳು ತೂರುವಷ್ಟು ಸಂದಿ ಉಳಿದಿತ್ತು. ಅಧಿಕಾರಿ ನಿಜಕ್ಕೂ ತಮ್ಮ ಹೆಬ್ಬೆರಳನ್ನೇ ತೂರಿಸಿ ನೋಡಿದರು.

"ಮುರಿದಿಲ್ಲ ನೋಡಿ!" ಭಾವ ಇನ್ನೂ ಅದೇ ಹಾಡು.

"ಮುರಿದಿದ್ರೆ ವಾಸಿ ಇತ್ತು ಸ್ವಾಮಿ," ಅಂದರು ಅಧಿಕಾರಿ. "ಎತ್ತಿ ಬಿಸಾಕ್ತಿದ್ವಿ. ಇದನ್ನ ನಮ್ಮವರು ಚೆನ್ನಾಗೇ ಇದೆ ಅಂದ್ಕೊಂಡು ಮುಂದಿನ ಬೆಂಕಿಗೆ ತಗೊಂಡು ಹೋಗ್ತಾರೆ."

ಮಾಲು ವಾಪಸಾಯಿತು. ಮನೆಯಲ್ಲಿ ಹೊಗೆಯೆದ್ದಿತು.

ಅಕ್ಕ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಭಾವನ ದನಿ ಮೂರು ಮನೆಗೆ ಕೇಳುತ್ತಿತ್ತು. "ಉಂಡ ಮನೆಯ ಜಂತೆ ಎಣಿಸೋದು ಅಂದ್ರೆ ಇದೇ! ನನ್ನ ಸೂರಿನ ಕೆಳಗಿದ್ದು ನನ್ನ ಕತ್ತಿಗೇ ಕತ್ತಿ!"

ಆಕೆ ಮೆಟ್ಟಿಲ ಮೇಲೆ ನಿಂತೇ ಕೇಳಿದಳು. "ಒಂದು ಹೇಳಿ ಭಾವ. ಕಂಬಿ ಅಷ್ಟು ಮೆತ್ತಗೆ ಯಾಕಿತ್ತು?"

ಬೈಯುವ ಭರದಲ್ಲಿ ಅವನು ನಿಜ ಉಗುಳಿಬಿಟ್ಟ. ಕಂಬಿ ತಯಾರಾದ ಮೇಲೆ ಅದನ್ನು ಹದವಾದ ಬಿಸಿಯ ಕುಲುಮೆಯಲ್ಲಿ ಅರ್ಧ ದಿನ ಇಡಬೇಕು, ಆಗಲೇ ಅದು ಗಟ್ಟಿಯಾಗುವುದು. ಕುಲುಮೆಯವನ ಬಳಿ ಸರತಿ ಉದ್ದವಿತ್ತು. ಕಾಯುವವರು ಯಾರು? ಹಸಿಯಾಗಿಯೇ ತಂದು ಏಣಿ ಜೋಡಿಸಿದ್ದ.

ಆಕೆಗೆ ಮೊದಲು ನಂಬಿಕೆಯೇ ಆಗಲಿಲ್ಲ. "ಅಷ್ಟೇನಾ? ಹಾಗಾದ್ರೆ ಕಂಬಿ ಕೆಟ್ಟಿಲ್ಲ! ಈಗ್ಲೂ ಕುಲುಮೆಗೆ ಹಾಕಿದ್ರೆ ಗಟ್ಟಿ ಆಗುತ್ತೆ. ಸರತೀಲಿ ನಿಂತ್ಕೊಳೋಕೆ ಬೇಜಾರು ಅಂತ ಇಷ್ಟೆಲ್ಲಾ ಮಾಡಿದ್ರಾ?"

ಭಾವ ತಿರುಗಿ ಒಳಗೆ ಹೋದ. ಆಕೆ ದೊಡ್ಡ ಕಳ್ಳತನವೊಂದರ ಬೆನ್ನು ಹತ್ತಿದ್ದೇನೆ ಅಂದುಕೊಂಡಿದ್ದಳು. ಸಿಕ್ಕಿದ್ದು ಬರೀ ಸೋಮಾರಿತನ. ಕಾಲುಗುರು ಹೆಕ್ಕಲು ಬಗ್ಗದ ಅದೇ ಸೋಮಾರಿತನ, ಹೆಗಲ ಮೇಲೆ ಮಗುವನ್ನು ಹೊತ್ತು ಇಳಿಯುವವನ ಕಾಲಡಿಗೂ ಬಂದು ನಿಂತಿತ್ತು.

ಆ ವಾರವೇ ಆಕೆ ಅಮ್ಮನನ್ನು ಕರೆದುಕೊಂಡು ಬೇರೆ ಮನೆ ಮಾಡಿದಳು. ಚಿಕ್ಕ ಮನೆ, ಬಚ್ಚಲಿನಲ್ಲಿ ಪಾಚಿ. ತಿಕ್ಕಿ ತಿಕ್ಕಿ ಕೈ ಒಡೆಯಿತು. ಅಮ್ಮ ಕಿಟಕಿಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡಿದಳು.

ಭಾವ ಏಣಿಗಳನ್ನು ಬಿಚ್ಚಿಸಿ ಕಂಬಿಗಳನ್ನು ಕುಲುಮೆಗೆ ಕಳಿಸಿದ. ಹೊಸ ತುಂಡುಗಳನ್ನು ಯಾರು ಪರೀಕ್ಷಿಸಬೇಕೆಂದು ಅಧಿಕಾರಿಯೇ ಹೇಳಿ ಕಳಿಸಿದ್ದರು. ಹಾಗಾಗಿ ಅವು ಆಕೆಯ ಮೇಜಿಗೇ ಬಂದವು. ದವಡೆ ಒರೆಸಿ, ಅಳತೆಗೋಲು ಸಿಕ್ಕಿಸಿ, ಎಳೆದಳು. ಈ ಸಲ ನೇರ ಭಾಗ ಬಹಳ ಮೇಲಿನವರೆಗೂ ಏರಿ ಆಮೇಲೆ ಬಾಗಿತು. ಯೀಲ್ಡು ಇನ್ನೂರ ಮೂವತ್ತರ ಮೇಲೆ, ನೆತ್ತಿ ಅದಕ್ಕಿಂತ ಸ್ವಲ್ಪವೇ ಎತ್ತರ. ಒಳ್ಳೆಯ ಲೋಹ. ಆಕೆ ಸಹಿ ಹಾಕಿದಳು. ಒಳ್ಳೆಯದನ್ನು ಒಳ್ಳೆಯದು ಅನ್ನಲು ಆಕೆಗೆ ಯಾವತ್ತೂ ಕಷ್ಟವಿರಲಿಲ್ಲ.

ವರದಿ ಒಯ್ಯಲು ಭಾವನೇ ಬಂದಿದ್ದ. ಸುತ್ತಲಿನವರಿಗೆಲ್ಲ ಕೇಳುವ ಹಾಗೆ, "ನಾನು ಹೇಳಿರ್ಲಿಲ್ವಾ, ನಮ್ಮ ಏಣಿ ಗಟ್ಟಿ ಅಂತ!" ಎಂದ. ಮುಖ್ಯಸ್ಥರೂ ತಲೆಯಾಡಿಸಿದರು. ಅವರ ಕುರ್ಚಿ ಅಲುಗಾಡಿರಲಿಲ್ಲ. ಮೇಲಿನವರು ಕರೆದು ಏನೋ ಗದರಿಸಿದರಂತೆ, ವರದಿಗೆ ಇನ್ನು ಮುಂದೆ ಇಬ್ಬರ ಸಹಿ ಬೇಕು ಎಂದರಂತೆ, ಅಷ್ಟೇ. ನಾಚಿಕೆಪಡಬೇಕಾದವರು ಯಾರೂ ನಾಚಲಿಲ್ಲ. ಆಕೆ ಮುರಿದ ತುಂಡುಗಳನ್ನು ಡಬ್ಬಿಗೆ ಹಾಕಿದಳು.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಬಂದಳು, ಒಬ್ಬಳೇ. ಹೊಸ ಮನೆಯನ್ನು ಅವಳು ನೋಡಿರಲಿಲ್ಲ. ಚಪ್ಪಲಿಯನ್ನು ಹೊಸಿಲಾಚೆಯೇ ಬಿಟ್ಟು, ಕೇಳದೆಯೇ ನಲ್ಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಒಳಗೆ ಬಂದಳು. ಅಮ್ಮ ಊಟ ಬಡಿಸಿದಳು. ಮೂವರೂ ಉಣ್ಣಲು ಕೂತರು.

"ಮೊನ್ನೆ ಒಗೆದ ಕಿಟಕಿ ಪರದೆ ಹಾಕೋಣ ಅಂತ ಮನೇಲಿರೋ ಏಣಿ ಹತ್ತಿದ್ದೆ ಕಣೆ," ಅಂದಳು ಅಕ್ಕ, ತಟ್ಟೆ ನೋಡುತ್ತಾ. "ಅರ್ಧ ಹತ್ತಿ ನಿಂತೆ. ಇದು ಕುಲುಮೆ ಸರತಿ ಕಾದಿದ್ದೋ, ಕಾಯದ್ದೋ ಅಂತ ಯೋಚನೆ ಬಂತು. ಇಳಿದುಬಿಟ್ಟೆ."

"ಅವರನ್ನ ಕೇಳ್ಲಿಲ್ವಾ?"

"ಕೇಳ್ದೆ. ಏನೂ ಆಗಲ್ಲ ಹತ್ತು ಅಂದ್ರು."

"ಹತ್ತಿದ್ಯಾ?"

"ಪರದೆ ಇನ್ನೂ ಹಾಕಿಲ್ಲ," ಅಂದಳು ಅಕ್ಕ. ಅಷ್ಟು ಹೇಳಿ, ಮೊಸರಿಗೆ ಕೈ ಚಾಚಿದಳು. ಥೂ ಮೇಡಂ ಪಾತ್ರೆಯನ್ನು ಅವಳ ಕಡೆ ಸರಿಸಿದಳು.